ನ್ಯೂಟ್ರಲ್‌ನಲ್ಲೂ ತಿರುಗುವ ಗೇರುಗಳು: ಪುಣೆಯ ಒಂದು ಪ್ರದರ್ಶನ ಭಾಷಣದ ಕಥೆ

ಹಿನ್ನೆಲೆ

ನಾನು ಪುಣೆಯ ಭೋಸರಿಯ ಒಂದು ಗೇರ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ನಮ್ಮ ಸೊಸೈಟಿಯಲ್ಲೇ ಬಾಗಲಕೋಟೆ ಕಡೆಯ ಒಂದು ಕುಟುಂಬವಿದೆ. ಅಪ್ಪ ಟೆಂಪೋ ಓಡಿಸುತ್ತಾರೆ. ಕೊಲ್ಹಾಪುರದ ಫೌಂಡ್ರಿಗಳಿಂದ ಕಾಸ್ಟಿಂಗ್ ತಂದು ಇಲ್ಲಿನ ಮಷೀನ್ ಶಾಪುಗಳಿಗೆ ಇಳಿಸುವುದು ಅವರ ಕೆಲಸ. ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ. ಕಾಲೇಜಿನ ತಾಂತ್ರಿಕ ಪ್ರದರ್ಶನಕ್ಕೆ ಅವಳ ತಂಡ ಕೆಲಸ ಮಾಡುವ ಗೇರ್‌ಬಾಕ್ಸ್ ಮಾದರಿ ಮಾಡಿತ್ತು. ಅದನ್ನು ನಿರ್ಣಾಯಕರಿಗೂ ಬಂದವರಿಗೂ ಪರಿಚಯಿಸುವ ಭಾಷಣ ಇವಳ ಪಾಲಿಗೆ ಬಂದಿತ್ತು. ಹೆಸರು, ಕಾಲೇಜು, ವರ್ಷ ಬಿಟ್ಟಿದ್ದೇನೆ. ಹಲ್ಲುಗಳ ಲೆಕ್ಕ ಮಾತ್ರ ಇದ್ದದ್ದೇ.

ಮಾದರಿ ಚೆನ್ನಾಗಿತ್ತು. ನಾಲ್ಕು ಮುಂದಿನ ಗೇರುಗಳ ಕಾನ್‌ಸ್ಟಂಟ್ ಮೆಶ್ ಪೆಟ್ಟಿಗೆ, ಮುಂಬದಿಗೆ ಪಾರದರ್ಶಕ ಅಕ್ರಿಲಿಕ್ ಹಾಳೆ. 12 ವೋಲ್ಟಿನ ಮೋಟಾರು, ಭಾರವಿಲ್ಲದಾಗ ನಿಮಿಷಕ್ಕೆ 60 ಸುತ್ತು. ಮೋಟಾರಿನಿಂದ ಬರುವ 20 ಹಲ್ಲಿನ ಗೇರು ಕೆಳಗಿನ ಲೇ ಶಾಫ್ಟಿನ 40 ಹಲ್ಲಿನ ಗೇರನ್ನು ತಿರುಗಿಸುತ್ತದೆ. ಅಲ್ಲಿಗೇ ವೇಗ ಅರ್ಧ. ಲೇ ಶಾಫ್ಟಿನಿಂದ ಮೇಲಿನ ಮೇನ್ ಶಾಫ್ಟಿಗೆ ಮೂರು ಜೋಡಿ: ಮೊದಲನೆಯದು 20ಕ್ಕೆ 40, ಎರಡನೆಯದು 28ಕ್ಕೆ 32, ಮೂರನೆಯದು 35ಕ್ಕೆ 25. ಯಾವ ಜೋಡಿ ಕೂಡಿಸಿದರೂ 60 ಹಲ್ಲು, ಏಕೆಂದರೆ ಎರಡು ಶಾಫ್ಟುಗಳ ನಡುವಿನ ಅಂತರ ಒಂದೇ. ಒಟ್ಟಾರೆ ಮೊದಲ ಗೇರಿನಲ್ಲಿ ಮೋಟಾರು 4 ಸುತ್ತು ಹಾಕಿದರೆ ಮೇನ್ ಶಾಫ್ಟಿನ ಹೊರತುದಿಯ ಡ್ರಮ್ಮು 1 ಸುತ್ತು. ಎರಡನೆಯದರಲ್ಲಿ ಸುಮಾರು 2.3ಕ್ಕೆ 1, ಮೂರನೆಯದರಲ್ಲಿ 1.4ಕ್ಕೆ 1. ನಾಲ್ಕನೆಯದು ನೇರ, ಒಂದಕ್ಕೊಂದು. ಗೇರುಗಳನ್ನು ನಮ್ಮ ಹಳೆಯ ಶಾಪಿನಲ್ಲೇ ಹಾಬಿಂಗ್ ಮಾಡಿಸಿಕೊಟ್ಟಿದ್ದೆ, ಹಾಗಾಗಿ ಹಲ್ಲಿನ ಬಗ್ಗೆ ನನಗೆ ಚಿಂತೆಯಿರಲಿಲ್ಲ.

ಚಿಂತೆ ಶುರುವಾದದ್ದು ಭಾಷಣ ಕೇಳಿದ ಮೇಲೆ.

ಮೊದಲ ಭಾಷಣ

ಪ್ರದರ್ಶನಕ್ಕೆ ಹನ್ನೆರಡು ದಿನ ಇರುವಾಗ ಅವರ ಮನೆಯ ಹಾಲ್‌ನಲ್ಲಿ ಮಾದರಿ ಇಟ್ಟುಕೊಂಡು ಅವಳು ಒಪ್ಪಿಸಿದಳು. ಏಳು ನಿಮಿಷ. ಗೌರವಾನ್ವಿತ ಪ್ರಾಂಶುಪಾಲರಿಂದ ಶುರುವಾಗಿ, ಗೇರ್‌ಬಾಕ್ಸಿನ ವ್ಯಾಖ್ಯೆ, ಸ್ಲೈಡಿಂಗ್ ಮೆಶ್, ಕಾನ್‌ಸ್ಟಂಟ್ ಮೆಶ್, ಸಿಂಕ್ರೋಮೆಶ್, ಎಪಿಸೈಕ್ಲಿಕ್ ಎಂಬ ಬಗೆಗಳು, 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೋಮೆಶ್ ತಂದದ್ದು, ಆಮೇಲೆ ಉಕ್ಕಿನ ದರ್ಜೆ, ಮಾಡ್ಯೂಲ್, ಪ್ರೆಶರ್ ಆಂಗಲ್. ಮೋಟಾರಿನ ಸ್ವಿಚ್ಚು ಒತ್ತಿದ್ದು ಐದನೇ ನಿಮಿಷಕ್ಕೆ. ಅಷ್ಟರಲ್ಲಿ ಅವಳ ತಮ್ಮ ಎದ್ದು ಹೋಗಿದ್ದ.

ಇದರಲ್ಲಿ ತಪ್ಪು ಹುಡುಕುವುದು ಸುಲಭ. ಆದರೆ ಅವಳ ಕಡೆಯಿಂದ ನೋಡಿದರೆ ಇದು ವೈವಾ ಪರೀಕ್ಷೆಗೆ ಓದಿದ ಹುಡುಗಿಯ ಭಾಷಣ. ಕೇಳುವ ಮುಂಚೆಯೇ ಎಲ್ಲವನ್ನೂ ಹೇಳಿಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ ಎಂಬ ಭಯ ಅದರೊಳಗೆ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಅವಳ ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು: "ಅಲ್ಲವಾ, ನೂಟ್ರಲ್ ಅಂದಿ. ಮತ್ತ ಒಳಗಿನ ಗೇರೆಲ್ಲಾ ತಿರಗಾಕತ್ತಾವಲ್ಲ? ಎಲ್ಲಾ ತಿರಗಿದ್ರ ಗಾಡಿ ಯಾಕ ಹೋಗೂದಿಲ್ಲ?"

ಹುಡುಗಿ ಉತ್ತರ ಕೊಟ್ಟಳು, ಸರಿಯಾಗಿಯೇ ಕೊಟ್ಟಳು. ಮೇನ್ ಶಾಫ್ಟಿನ ಗೇರುಗಳು ಬುಷ್ ಮೇಲೆ ಸಡಿಲವಾಗಿ ತಿರುಗುತ್ತವೆ, ಡಾಗ್ ಕ್ಲಚ್ ಹಿಡಿದಾಗ ಮಾತ್ರ ಶಾಫ್ಟಿಗೆ ಕಚ್ಚಿಕೊಳ್ಳುತ್ತವೆ, ಎಂದು. ಅವ್ವ ತಲೆಯಾಡಿಸಿದರು. ಅರ್ಥವಾಗಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಏಕೆಂದರೆ ಮಾದರಿಯನ್ನು ನೋಡಿದರೆ ಗೇರು ಸಡಿಲವಾಗಿ ತಿರುಗುತ್ತಿದೆಯೋ ಶಾಫ್ಟಿನ ಜೊತೆ ತಿರುಗುತ್ತಿದೆಯೋ ತಿಳಿಯುವಂತೆಯೇ ಇರಲಿಲ್ಲ. ಬೆಳ್ಳಗೆ ಹೊಳೆಯುವ ಶಾಫ್ಟು ನಿಂತರೂ ಒಂದೇ, ತಿರುಗಿದರೂ ಒಂದೇ.

ಗೇರ್ ಹಾಕುವುದು ಎಂದರೆ ಗೇರನ್ನು ಸರಿಸಿ ಇನ್ನೊಂದಕ್ಕೆ ಕಚ್ಚಿಸುವುದು ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಇಪ್ಪತ್ತು ವರ್ಷ ಓಡಿಸಿದವರೂ ಹಾಗೇ ತಿಳಿದಿರುತ್ತಾರೆ. ಈ ಪೆಟ್ಟಿಗೆಯಲ್ಲಿ ಗೇರುಗಳು ಒಂದಕ್ಕೊಂದು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಸರಿಯುವುದು ನಡುವಿನ ಸ್ಲೀವ್, ಅಂದರೆ ಡಾಗ್ ಕ್ಲಚ್ಚಿನ ಬಳೆ ಮಾತ್ರ. ಅಷ್ಟನ್ನು ನೋಡುವವನ ಕಣ್ಣಿಗೆ ಹಾಕಿದರೆ ಸಾಕು ಎಂದು ಅವತ್ತೇ ತೀರ್ಮಾನಿಸಿದೆವು. ಬಗೆಗಳು, ಇತಿಹಾಸ, ಉಕ್ಕಿನ ದರ್ಜೆ ಎಲ್ಲ ಒಂದು ಹಾಳೆಗೆ ಹೋದವು, ಕೇಳಿದವರಿಗೆ ತೋರಿಸಲು.

ಬಿಳಿ ಗೆರೆ

ಮಾಡಿದ್ದು ತೀರಾ ಚಿಕ್ಕ ಕೆಲಸ. ಮೇನ್ ಶಾಫ್ಟಿನ ಉದ್ದಕ್ಕೆ, ಅದರ ಮೇಲಿನ ಗೇರುಗಳ ಪಕ್ಕಗಳ ಮೇಲೂ, ಸ್ಲೀವ್ ಮೇಲೂ ಬಿಳಿ ಎನಾಮೆಲ್‌ನಿಂದ ಒಂದೇ ಸಾಲಿನಲ್ಲಿ ಗೆರೆ ಎಳೆದೆವು. ನ್ಯೂಟ್ರಲ್‌ನಲ್ಲಿ ಮೋಟಾರು ಹಾಕಿದರೆ ಗೇರುಗಳ ಮೇಲಿನ ಗೆರೆಗಳು ಓಡುತ್ತವೆ, ಶಾಫ್ಟಿನ ಗೆರೆ ನಿಂತಲ್ಲೇ ನಿಲ್ಲುತ್ತದೆ. ಸ್ಲೀವ್ ಸರಿಸಿದ ತಕ್ಷಣ ಶಾಫ್ಟಿನ ಗೆರೆ ಆ ಒಂದು ಗೇರಿನ ಗೆರೆಯ ಜೊತೆ ಹೊರಡುತ್ತದೆ. ಉಳಿದವು ತಮ್ಮ ತಮ್ಮ ವೇಗದಲ್ಲಿ ಓಡುತ್ತಲೇ ಇರುತ್ತವೆ.

ಹಾಗೆ ಅಂದುಕೊಂಡೆವು. ಮೊದಲ ಸಲ ಹಾಕಿದಾಗ ನ್ಯೂಟ್ರಲ್‌ನಲ್ಲೂ ಶಾಫ್ಟಿನ ಗೆರೆ ನಿಧಾನವಾಗಿ ತೆವಳತೊಡಗಿತು. ತಂಡದ ಹುಡುಗರು ಬುಷ್‌ಗಳಿಗೆ ಧಾರಾಳವಾಗಿ ದಪ್ಪ ಗ್ರೀಸ್ ತುಂಬಿದ್ದರು. ತಿರುಗುವ ಗೇರು ಆ ಗ್ರೀಸಿನ ಅಂಟಿನಿಂದಲೇ ಶಾಫ್ಟನ್ನು ಎಳೆದುಕೊಂಡು ಹೋಗುತ್ತಿತ್ತು. ಹೊರಗೆ ಭಾರವಿಲ್ಲದ ಮಾದರಿಯಲ್ಲಿ ಅಷ್ಟೇ ಎಳೆತ ಸಾಕು. ನಿಜವಾದ ಗಾಡಿಯಲ್ಲೂ ಈ ಎಳೆತ ಇರುತ್ತದೆ, ಆದರೆ ಗಾಡಿಯ ತೂಕದ ಮುಂದೆ ಅದು ಲೆಕ್ಕಕ್ಕಿಲ್ಲ. ಗ್ರೀಸ್ ತೊಳೆದು ತೆಳ್ಳನೆಯ ಎಣ್ಣೆ ಹಾಕಿಸಿದೆ, ಡ್ರಮ್ಮಿನ ಬದಿಗೆ ಒಂದು ಫೆಲ್ಟ್ ವಾಷರ್ ಒತ್ತಿಸಿದೆ. ಗೆರೆ ನಿಂತಿತು. ಅವ್ವನನ್ನು ಕರೆದು ತೋರಿಸಿದಳು. "ಹಂಗಾರ ಗೇರು ತಾವು ತಿರಗತಾವು, ದಂಡ ತಿರಗೂದಿಲ್ಲ," ಎಂದರು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುತ್ತಿರಲಿಲ್ಲ. ಆ ಮಾತು ಹಾಗೇ ಭಾಷಣಕ್ಕೆ ಹೋಯಿತು.

ಎರಡನೇ ಗೇರಿನ ಪೆಟ್ಟು

ಈಗ ಬಲ ತೋರಿಸಬೇಕಿತ್ತು. ಹೊಸ ಕರಡಿನಲ್ಲಿ ಅವಳು "ಮೊದಲ ಗೇರಿನಲ್ಲಿ ಪವರ್ ಜಾಸ್ತಿ" ಎಂದು ಬರೆದಿದ್ದಳು. ಕನ್ನಡದಲ್ಲಿ ಹೇಳುವಾಗ ಅದು "ಶಕ್ತಿ ಜಾಸ್ತಿ" ಆಗಿತ್ತು. ಅದನ್ನು ನಾನು ಹೊಡೆದು ಹಾಕಿದೆ. ಪೆಟ್ಟಿಗೆ ಶಕ್ತಿಯನ್ನು ಹುಟ್ಟಿಸುವುದಿಲ್ಲ, ತಿಕ್ಕಾಟದಲ್ಲಿ ಒಂದಿಷ್ಟು ತಿಂದೇ ಬಿಡುತ್ತದೆ. ಅದು ಮಾಡುವುದು ವ್ಯಾಪಾರ. ಸುತ್ತು ಕೊಟ್ಟು ತಿರುಗಿಸುವ ಬಲ ತೆಗೆದುಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಶಕ್ತಿ ಎಂದರೆ ಬಲವೂ ಹೌದು, ತಾಕತ್ತೂ ಹೌದು, ವಿದ್ಯುತ್ತೂ ಹೌದು. ಇಂಥ ಜಾಗದಲ್ಲಿ ಆ ಪದವನ್ನು ಮುಟ್ಟದಿರುವುದೇ ಕ್ಷೇಮ. ಟಾರ್ಕ್ ಎಂದೇ ಅನ್ನಲಿ, ಮೊದಲ ಸಲ ಅಂದಾಗ ಕೈಯಿಂದ ಸ್ಕ್ರೂಡ್ರೈವರ್ ತಿರುಗಿಸುವ ಸನ್ನೆ ಮಾಡಲಿ ಎಂದೆ.

ಡ್ರಮ್ಮಿನ ಅಡ್ಡಳತೆ 60 ಮಿಲಿಮೀಟರ್. ಅದಕ್ಕೆ ಹಗ್ಗ ಸುತ್ತಿ ಮೇಜಿನ ಅಂಚಿನಿಂದ 5 ಕಿಲೋ ತೂಕದ ಕಲ್ಲು ಇಳಿಬಿಟ್ಟೆವು. ಮೊದಲ ಗೇರಿನಲ್ಲಿ ಏರುತ್ತದೆ, ಎರಡರಲ್ಲಿ ಇನ್ನೂ ಬೇಗ ಏರುತ್ತದೆ, ನಾಲ್ಕರಲ್ಲಿ ಮೋಟಾರು ನಿಂತುಬಿಡುತ್ತದೆ: ಭಾಷಣ ಹೀಗೆ ಬರೆದಾಗಿತ್ತು. ಅಕ್ರಿಲಿಕ್ ಮೇಲೆ ಮಾರ್ಕರಿನಲ್ಲಿ ಸುತ್ತುಗಳನ್ನೂ ಬರೆದಿದ್ದಳು: ಒಂದಕ್ಕೆ 15, ಎರಡಕ್ಕೆ 26, ಮೂರಕ್ಕೆ 42, ನಾಲ್ಕಕ್ಕೆ 60.

ಕಲ್ಲನ್ನು 60 ಸೆಂಟಿಮೀಟರ್ ಎತ್ತಲು ಮೊದಲ ಗೇರಿನಲ್ಲಿ 20 ಸೆಕೆಂಡು ಹಿಡಿಯಿತು. ಎರಡನೇ ಗೇರಿಗೆ ಹಾಕಲು ಅವಳು ಕಲ್ಲು ಗಾಳಿಯಲ್ಲಿರುವಾಗಲೇ ಲಿವರ್ ಎಳೆದಳು. ನ್ಯೂಟ್ರಲ್ ದಾಟುವ ಆ ಒಂದು ಕ್ಷಣದಲ್ಲಿ ಡ್ರಮ್ಮು ಬಿಟ್ಟುಕೊಂಡು, ಕಲ್ಲು ಧಡ್ ಎಂದು ನೆಲಕ್ಕೆ ಬಿತ್ತು. ಟೈಲ್ಸ್ ಒಂದು ಸೀಳಿತು. ಮನೆ ಬಾಡಿಗೆಯದು. ಆ ಟೈಲ್ಸಿನ ಮಾತು ಇನ್ನೂ ಮುಗಿದಿಲ್ಲ. ಗೇರಿನಲ್ಲಿರುವಾಗ ಭಾರವನ್ನು ಮೋಟಾರಿನ ಬಿಗಿ ತಡೆದಿರುತ್ತದೆ, ನ್ಯೂಟ್ರಲ್‌ನಲ್ಲಿ ತಡೆಯಲು ಏನೂ ಇಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ ಗಾಡಿಯ ಕಥೆಯೂ ಇದೇ. ಅಂದಿನಿಂದ ನಿಯಮ ಮಾಡಿದೆವು: ಕಲ್ಲು ನೆಲದಲ್ಲಿ, ಹಗ್ಗ ಸಡಿಲ ಇದ್ದಾಗ ಮಾತ್ರ ಗೇರ್ ಬದಲು. ಕೆಳಗೆ ದಪ್ಪ ರಬ್ಬರ್ ಮ್ಯಾಟು.

ಮ್ಯಾಟು ಹಾಕಿ ಎರಡನೇ ಗೇರಿನಲ್ಲಿ ಎತ್ತಿದೆವು. ಮತ್ತೆ 20 ಸೆಕೆಂಡು.

ಹುಡುಗಿ ಮೂರು ಸಲ ಎಣಿಸಿದಳು. ಮೂರು ಸಲವೂ ಅಷ್ಟೇ. ಹಲ್ಲು ಎಣಿಸಿದಳು, ಸ್ಲೀವ್ ಸರಿಯಾಗಿ ಕೂತಿದೆಯೋ ನೋಡಿದಳು. ಹಗ್ಗ ಜಾರುತ್ತಿದೆಯೇನೋ ಎಂದು ಡ್ರಮ್ಮಿಗೆ ಗೆರೆ ಎಳೆದಳು. ಎಲ್ಲ ಸರಿ ಇತ್ತು. ನನಗೂ ತಕ್ಷಣ ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನಾನು ಹಲ್ಲು ಕೊರೆದವನು, ಮೋಟಾರಿನವನಲ್ಲ.

ರಾತ್ರಿ ಅಪ್ಪ ಬಂದರು. ಕೈಕಾಲು ತೊಳೆದು ಕೂತು ಎರಡು ಸಲ ನೋಡಿದರು. "ಖಂಬಾಟ್ಕಿ ಘಾಟ್ ಹತ್ತುವಾಗ ಲೋಡ್ ಇದ್ರ ಹಿಂಗ ಆಗತದ," ಎಂದರು. "ಗಡಿಬಿಡಿ ಮಾಡಿ ಮ್ಯಾಲಿನ ಗೇರ್ ಹಾಕಿದ್ರ ಎಂಜಿನ್ ಕೂಡತದ, ಗಾಡಿ ಬೇಗ ಏನೂ ಹೋಗೂದಿಲ್ಲ. ನಿನ್ನ ಮೋಟಾರಿನ ಸಪ್ಪಳ ಕೇಳವಾ. ಎರಡರಾಗ ಕುಂದೇತಿ."

ಸಂಗತಿ ಅಷ್ಟೇ. ಅಕ್ರಿಲಿಕ್ ಮೇಲೆ ಬರೆದ 15, 26, 42, 60 ಎಲ್ಲವೂ ಮೋಟಾರು ಯಾವಾಗಲೂ 60 ಸುತ್ತು ತಿರುಗುತ್ತದೆ ಎಂದುಕೊಂಡು ಹಾಕಿದ ಲೆಕ್ಕ. ಇಂಥ ಡಿಸಿ ಮೋಟಾರು ಭಾರ ಹೆಚ್ಚಿದಷ್ಟೂ ನಿಧಾನವಾಗುತ್ತದೆ. ನಮ್ಮ ಮೋಟಾರು ಪೂರ್ತಿ ನಿಂತುಬಿಡುವ ಟಾರ್ಕ್ ಸುಮಾರು 1.2 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ 5 ಕಿಲೋ ಕಲ್ಲು, ಪೆಟ್ಟಿಗೆಯ ತಿಕ್ಕಾಟವೂ ಸೇರಿ, ಮೋಟಾರಿನ ಮೇಲೆ ಹಾಕುವ ಹೊರೆ ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಮೋಟಾರು 38 ಸುತ್ತಿಗೆ ಇಳಿಯುತ್ತದೆ, 4ರಿಂದ ಭಾಗಿಸಿದರೆ ಡ್ರಮ್ಮಿಗೆ 9.6 ಸುತ್ತು. ಎರಡನೇ ಗೇರಿನಲ್ಲಿ ಹೊರೆ ಸುಮಾರು ಮೂರನೇ ಎರಡು ಭಾಗ. ಮೋಟಾರು 22ಕ್ಕೆ ಕುಸಿಯುತ್ತದೆ, 2.3ರಿಂದ ಭಾಗಿಸಿದರೆ ಮತ್ತೆ 9.6ರ ಸುತ್ತಮುತ್ತ. ಗೇರಿನಲ್ಲಿ ಗಳಿಸಿದ್ದನ್ನು ಮೋಟಾರು ಕಳೆದುಕೊಂಡಿತ್ತು. ಮೂರನೇ ಗೇರಿನಲ್ಲಿ ಕಲ್ಲು ಅಲುಗಲೇ ಇಲ್ಲ.

ಇಲ್ಲಿ ಎರಡು ದಾರಿ ಇದ್ದವು. ತಂಡದ ಹುಡುಗನೊಬ್ಬ, ದೊಡ್ಡ ಮೋಟಾರು ಹಾಕಿಬಿಡೋಣ, ಆಗ ಅಂದುಕೊಂಡಂತೆ ಬರುತ್ತದೆ ಎಂದ. ಬರುತ್ತಿತ್ತು ಕೂಡ. ಆದರೆ ದೊಡ್ಡ ಮೋಟಾರು ನಾಲ್ಕನೇ ಗೇರಿನಲ್ಲೂ ಕಲ್ಲನ್ನು ಎತ್ತಿಬಿಟ್ಟರೆ ಗೇರ್‌ಬಾಕ್ಸ್ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಮೋಟಾರಿನ ಬಡತನವೇ ಈ ಮಾದರಿಯ ಬಂಡವಾಳ. ಹುಡುಗಿ ಅದನ್ನೇ ಉಳಿಸಿಕೊಂಡು ಇನ್ನೊಂದು 1 ಕಿಲೋ ಕಲ್ಲು ತಂದಳು. ಅದು ಒಂದನೇ ಗೇರಿನಿಂದ ನಾಲ್ಕರವರೆಗೆ 14, 8, 6, 4 ಸೆಕೆಂಡುಗಳಲ್ಲಿ ಏರಿತು. ಹಗುರ ಕಲ್ಲಿಗೆ ಮೇಲಿನ ಗೇರು ಲಾಭ, ಭಾರದ ಕಲ್ಲಿಗೆ ಇಲ್ಲ. ಅಕ್ರಿಲಿಕ್ ಮೇಲಿನ ಅಂಕಿಗಳನ್ನು ಒರೆಸಿಹಾಕಿದಳು.

ಕೊನೆಗೆ ಉಳಿದ ಮಾತು

ಭಾಷಣವನ್ನು ಮನೆಯಲ್ಲಿ ಕನ್ನಡದಲ್ಲೇ ಕಟ್ಟಿದೆವು. ಆಮೇಲೆ ಅದೇ ಕ್ರಮದಲ್ಲಿ ನಿರ್ಣಾಯಕರಿಗೆ ಇಂಗ್ಲಿಷಿಗೂ ಬಂದವರಿಗೆ ಹಿಂದಿಗೂ ಅವಳೇ ತಿರುಗಿಸಿಕೊಂಡಳು. ಆರಂಭ ಹೀಗಿತ್ತು:

"ನಮಸ್ಕಾರ. ಮೋಟಾರು ತಿರುಗುತ್ತಿದೆ, ಒಳಗಿನ ಗೇರುಗಳೆಲ್ಲ ತಿರುಗುತ್ತಿವೆ. ಹೊರಗಿನ ಡ್ರಮ್ಮು ನಿಂತಿದೆ. ಯಾಕೆ? ಈ ಬಿಳಿ ಗೆರೆ ನೋಡಿ. ಗೇರು ತಿರುಗುತ್ತದೆ, ದಂಡ ತಿರುಗುವುದಿಲ್ಲ. ಗೇರು ದಂಡದ ಮೇಲೆ ಸಡಿಲವಾಗಿ ಕೂತಿದೆ. ಈಗ ಲಿವರ್ ಸರಿಸುತ್ತೇನೆ. ಸರಿದದ್ದು ಗೇರಲ್ಲ, ನಡುವಿನ ಈ ಸ್ಲೀವ್. ಅದು ಒಂದು ಗೇರನ್ನು ದಂಡಕ್ಕೆ ಕಟ್ಟಿಹಾಕಿತು. ಈಗ ಗೆರೆ ನೋಡಿ."

ಇಲ್ಲಿ ಐದು ಸೆಕೆಂಡು ಸುಮ್ಮನಿರಬೇಕು. ಇದನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಜನ ಗೆರೆ ಹುಡುಕಿ, ಕಂಡು, ಓಹ್ ಎನ್ನುವಷ್ಟು ಹೊತ್ತು ಅವಳಿಗೆ ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಮನಸ್ಸಿನಲ್ಲಿ ಡ್ರಮ್ಮಿನ ಒಂದು ಪೂರ್ತಿ ಸುತ್ತು ಎಣಿಸು ಎಂದೆ. ಮೊದಲ ಗೇರಿನಲ್ಲಿ ಬರಿದೆ ತಿರುಗುವಾಗ ಒಂದು ಸುತ್ತಿಗೆ ನಾಲ್ಕೇ ಸೆಕೆಂಡು, ಉಸಿರೆಳೆದರೆ ಐದು.

ಆಮೇಲೆ ಎರಡು ಕಲ್ಲುಗಳು, ಅಪ್ಪನ ಘಾಟಿನ ಮಾತು, ಕೊನೆಗೆ ನಾಲ್ಕನೇ ಗೇರಿನಲ್ಲಿ ನಿಂತುಬಿಡುವ ಮೋಟಾರು. ನಿಂತ ಮೋಟಾರಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಕರೆಂಟು ಬಿಡಬಾರದು, ಒಳಗಿನ ಸುರುಳಿ ಸುಡುತ್ತದೆ. ಹಾಗಾಗಿ ಸ್ವಿಚ್ಚಿನ ಮೇಲಿನ ಬೆರಳು ತೆಗೆಯದೆ ಆ ವಾಕ್ಯ ಹೇಳಬೇಕೆಂದು ಅಭ್ಯಾಸ ಮಾಡಿಸಿದೆ. ಎಲ್ಲ ಸೇರಿ ಮೂರೂವರೆ ನಿಮಿಷ. ಗೆರೆಯ ಭಾಗ ಮತ್ತು ಕಲ್ಲಿನ ಭಾಗ ಬೇರೆ ಬೇರೆಯಾಗಿ ನಿಲ್ಲುವಂತಿದ್ದವು.

ಪ್ರದರ್ಶನದ ದಿನ

ಭಾಗಗಳು ಬೇರೆ ಬೇರೆಯಾಗಿ ನಿಲ್ಲುವುದು ಬೇಕಾಯಿತು. ನಿರ್ಣಾಯಕರು ಮುಕ್ಕಾಲು ಗಂಟೆ ತಡವಾಗಿ ಬಂದು, ಎರಡು ನಿಮಿಷದಲ್ಲಿ ಹೇಳು ಎಂದರು. ನಾನು ಜನರ ನಡುವೆ ನಿಂತಿದ್ದೆ. ಅವಳು ನಮಸ್ಕಾರವನ್ನೂ ನುಂಗಿ ನೇರ ಪ್ರಶ್ನೆಗೆ ಹೋದಳು. ಲಿವರ್ ಸರಿಸಿದಳು. ಹೋಗಲಿಲ್ಲ.

ಡಾಗ್ ಹಲ್ಲಿನ ತಲೆ ಎದುರಿನ ಹಲ್ಲಿನ ತಲೆಗೇ ಬಂದು ನಿಂತರೆ ಹೀಗಾಗುತ್ತದೆ. ಸಿಂಕ್ರೋಮೆಶ್ ಇದ್ದಿದ್ದರೆ ಅದರ ಕೋನ್ ಉಜ್ಜಿ ಎರಡರ ವೇಗ ಸಮ ಮಾಡಿ ದಾರಿ ಕೊಡುತ್ತಿತ್ತು. ನಮ್ಮದರಲ್ಲಿ ಇಲ್ಲ. ಹಿಂದಿನ ವಾರ ಇದೇ ಆದಾಗ ತಂಡದವನೊಬ್ಬ ಜೋರು ಮಾಡಿ ಶಿಫ್ಟರ್ ಫೋರ್ಕ್ ಬಾಗಿಸಿದ್ದ. ಅದಕ್ಕೇ ಮೋಟಾರನ್ನು ತೀರಾ ನಿಧಾನಕ್ಕೆ ಇಳಿಸಿ, ಲಿವರ್ ಮೇಲೆ ಬೆರಳ ಒತ್ತು ಮಾತ್ರ ಇಟ್ಟು ಕಾಯಬೇಕೆಂದು ಹೇಳಿಕೊಟ್ಟಿದ್ದೆ. ಅವಳು ಹಾಗೇ ಮಾಡಿದಳು, ಮಾಡುತ್ತಾ "ಹಲ್ಲಿಗೆ ಹಲ್ಲು ಎದುರಾಗಿದೆ, ಸಂದಿ ಬಂದಾಗ ತಾನೇ ಒಳಹೋಗುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕಟಕ್ ಎಂದು ಕೂತಿತು. ಬಿಳಿ ಗೆರೆ ಹೊರಟಿತು.

ಭಾರದ ಕಲ್ಲನ್ನು ಎರಡು ಗೇರಿನಲ್ಲೂ ಎತ್ತಿ ತೋರಿಸುವಾಗ ಸಮಯ ಮೀರಿತ್ತು, ಆದರೆ ಯಾರೂ ಹೊರಡಲಿಲ್ಲ. ಹಿರಿಯ ನಿರ್ಣಾಯಕರೊಬ್ಬರು ಕೇಳಿದರು: ಎರಡರಲ್ಲೂ ಅದೇ ಕಲ್ಲು, ಅದೇ ಎತ್ತರ, ಅದೇ 20 ಸೆಕೆಂಡು. ಹಾಗಾದರೆ ಯಾವ ಗೇರಿನಲ್ಲಿ ಎತ್ತಿದರೂ ಒಂದೇ ಅಲ್ಲವೇ?

ಇದನ್ನು ನಾವು ತಯಾರಿ ಮಾಡಿರಲಿಲ್ಲ. ಹೊರಗೆ ಸಿಕ್ಕಿದ್ದು ಒಂದೇ ಎಂಬ ಮಟ್ಟಿಗೆ ಪ್ರಶ್ನೆ ಸರಿಯಾಗಿಯೇ ಇತ್ತು. ಹುಡುಗಿ ಒಂದು ಕ್ಷಣ ಮಾದರಿಯನ್ನು ನೋಡಿದಳು, ಆಮೇಲೆ ಮಾತಾಡದೆ ಲ್ಯಾಬಿನಿಂದ ತಂದಿದ್ದ ಪವರ್ ಸಪ್ಲೈಯನ್ನು ಅವರ ಕಡೆ ತಿರುಗಿಸಿದಳು. ಅದರ ಮೇಲೆ ಕರೆಂಟಿನ ಅಂಕಿ ಕಾಣುತ್ತದೆ, ಹನ್ನೆರಡು ದಿನದಲ್ಲಿ ನಾವ್ಯಾರೂ ಅದರತ್ತ ನೋಡಿರಲಿಲ್ಲ. ಮತ್ತೊಮ್ಮೆ ಎತ್ತಿದಳು. ಮೊದಲ ಗೇರಿನಲ್ಲಿ ಸುಮಾರು 0.5 ಆಂಪಿಯರ್, ಎರಡರಲ್ಲಿ 0.8. ವೋಲ್ಟೇಜು, ಸಮಯ, ಕೆಲಸ ಎಲ್ಲ ಅಷ್ಟೇ. ಎರಡನೇ ಗೇರು ಒಂದೂವರೆ ಪಟ್ಟು ಕರೆಂಟು ತಿಂದು ಹೆಚ್ಚಿನದನ್ನು ಮೋಟಾರಿನೊಳಗೆ ಬಿಸಿ ಮಾಡಿತ್ತು. "ಮುಟ್ಟಿ ನೋಡಿ ಸರ್," ಎಂದಳು. ಅವರು ಮೋಟಾರಿನ ಮೈ ಮುಟ್ಟಿ ಕೈ ತೆಗೆದುಕೊಂಡರು.

ಬಹುಮಾನ ಬಂದದ್ದು ಬೇರೆ ತಂಡದ ಡ್ರೋನಿಗೆ. ಇವರಿಗೆ ಪ್ರಮಾಣಪತ್ರ.

ನಂತರ ತಿಳಿದದ್ದು

ಈಗ ಇಂಥದೇ ಮಾದರಿಯ ಭಾಷಣ ಬರೆಯುವ ಮಕ್ಕಳು ಬಂದರೆ ನಾನು ಮೊದಲು ಹಾಳೆ ಕೇಳುವುದಿಲ್ಲ, ಭಾರ ಕಟ್ಟಿ ಗಡಿಯಾರ ಹಿಡಿಯಲು ಹೇಳುತ್ತೇನೆ. ಹಲ್ಲಿನ ಲೆಕ್ಕದಿಂದ ಬರೆದ ವೇಗ ಭಾರವಿಲ್ಲದ ಮಾದರಿಗೆ ಮಾತ್ರ ನಿಜ. ಅದನ್ನೇ ಹೇಳಿಕೊಂಡು ನಿಂತಿದ್ದರೆ ಆ ಪ್ರಶ್ನೆಗೆ ಮುಂಚೆಯೇ ಅವಳು ಸಿಕ್ಕಿಬೀಳುತ್ತಿದ್ದಳು.

ನನ್ನ ತಪ್ಪೊಂದಿದೆ. ಮೂರನೇ ಗೇರಿನಲ್ಲಿ ಭಾರದ ಕಲ್ಲು ಏರದು ಎಂದು ಗೊತ್ತಿದ್ದೂ, ಜನ ಕೇಳಿದರೆಂದು ದಿನವಿಡೀ ಅದನ್ನು ತೋರಿಸಲು ಬಿಟ್ಟೆ. ಸಂಜೆ ನಾಲ್ಕಕ್ಕೆ ಮೋಟಾರಿನಿಂದ ಸುಟ್ಟ ವಾಸನೆ ಬಂತು. 1 ಆಂಪಿಯರಿನ ಫ್ಯೂಸ್ ಹಾಕಿದ್ದರೆ ಮೋಟಾರು ನಿಂತಾಗ ಹರಿಯುವ 1.2 ಆಂಪಿಯರಿಗೆ ಅದು ಬೇಗ ಹಾರುತ್ತಿರಲಿಲ್ಲ, ಆದ್ದರಿಂದ ಫ್ಯೂಸ್ ನಂಬುವ ಹಾಗಿಲ್ಲ. ಕೈಬಿಟ್ಟರೆ ತಾನೇ ಆಫ್ ಆಗುವ ಒತ್ತುಗುಂಡಿ ಬೇಕಿತ್ತು.

ಮಾದರಿ ಈಗ ಅವರ ಮನೆಯ ಟಿವಿ ಪಕ್ಕದಲ್ಲಿದೆ, ಸೀಳಿದ ಟೈಲ್ಸಿನ ಮೇಲೆ. ಮೋಟಾರು ಬದಲಿಸಿಲ್ಲ. ಯಾರಾದರೂ ಬಂದರೆ ಅವ್ವ ಇನ್‌ಪುಟ್ ಶಾಫ್ಟನ್ನು ಕೈಯಿಂದಲೇ ತಿರುಗಿಸಿ ಬಿಳಿ ಗೆರೆ ತೋರಿಸುತ್ತಾರೆ.